ಇದು ಎಸಿ ರೂಮಲ್ಲವ್ವಾ!

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಬೆಂಗಳೂರಿನ ಆಫೀಸ್ ಕ್ಯಾಂಟೀನಿನಲ್ಲಿ ಊಟ ಮಾಡುತ್ತಾ ಮೊಬೈಲ್ ತೆಗೆದು ನೋಡಿದೆ. ಕೊಟ್ಟೂರಿನ ಹತ್ತಿರದ ನಮ್ಮ ಹೊಲದ ಪಾಲಿಹೌಸಿನೊಳಗೆ 43 ಡಿಗ್ರಿ ತೋರಿಸುತ್ತಿತ್ತು. ಗಾಳಿಯ ತೇವಾಂಶ ಬರೀ ಶೇ 24. ತುತ್ತು ಗಂಟಲಲ್ಲೇ ಸಿಕ್ಕಿಕೊಂಡಿತು. ಕೂಡಲೇ ಅಪ್ಪನಿಗೆ ಫೋನ್ ಮಾಡಿದೆ.

"ಅಪ್ಪಾ, ಪಕ್ಕದ ಪರದೆ ಎಲ್ಲಾ ಇಳಿಸಿಬಿಡ್ರಿ. ಹೊರಗಿನ ಬಿಸಿಗಾಳಿ ಒಳಗ ಬರಬಾರ್ದು. ಫಾಗರ್ ಚಾಲೂ ಮಾಡಿ ಹಂಗ ಬಿಡ್ರಿ."

"ಮುಚ್ಚೋದಾ? ಉಸಿರುಗಟ್ಟತೈತಲ್ಲವ್ವಾ" ಅಂದರು ಅಪ್ಪ.

"ನಮ್ಮ ಆಫೀಸಿನ್ಯಾಗ ಎಸಿ ಹಾಕಿದ್ರ ಕಿಟಕಿ ತೆಗೀತಾರೇನು?" ಅಂದೆ. ಅವರು ಸುಮ್ಮನಾದರು. ಆ ಪಾಲಿಹೌಸಿಗೆ ಸಬ್ಸಿಡಿ ಕಳೆದು ಉಳಿದ ಸಾಲದ ಕಂತು ನನ್ನ ಸಂಬಳದಿಂದ ಹೋಗುತ್ತಿತ್ತು. ಅದಕ್ಕೇ ಸುಮ್ಮನಾದರು ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ನಮ್ಮದು ಅರ್ಧ ಎಕರೆಯ ಪಾಲಿಹೌಸ್. ಫ್ಯಾನು, ಕೂಲಿಂಗ್ ಪ್ಯಾಡು ಏನೂ ಇಲ್ಲ. ನೆತ್ತಿಯ ಮೇಲೆ ಉದ್ದಕ್ಕೂ ಒಂದು ಕಿಂಡಿ, ನಾಲ್ಕೂ ಪಕ್ಕಕ್ಕೆ ಕೀಟ ತಡೆಯುವ ಸಣ್ಣ ಕಣ್ಣಿನ ಬಲೆ, ಅದರ ಹೊರಗೆ ಸುತ್ತಿ ಏರಿಸಿ ಇಳಿಸುವ ಪ್ಲಾಸ್ಟಿಕ್ ಪರದೆ. ಒಳಗೆ ನೆರಳು ಪರದೆ, ಮೇಲಿನಿಂದ ಮಂಜಿನಂತೆ ನೀರು ಉದುರಿಸುವ ಫಾಗರುಗಳು. ಆಗಸ್ಟ್ ಕೊನೆಗೆ ನಾಟಿ ಮಾಡಿದ ಕೆಂಪು, ಹಳದಿ ದೊಣ್ಣೆಮೆಣಸಿನಕಾಯಿ ಏಪ್ರಿಲ್ ಹೊತ್ತಿಗೆ ಆಳೆತ್ತರ ಬೆಳೆದಿತ್ತು. ಮೇ ತಿಂಗಳವರೆಗೂ ಕಾಯಿ ಕೀಳುವ ಲೆಕ್ಕ ನಮ್ಮದು. ಆ ಕೊನೆಯ ಎರಡು ತಿಂಗಳ ಹಣದಿಂದಲೇ ಮುಂದಿನ ಬೆಳೆಯ ಸಸಿ, ಗೊಬ್ಬರ ಬರಬೇಕಿತ್ತು.

ಹತ್ತು ದಿನ ಕಳೆಯಿತು. ಅವ್ವ ಫೋನ್ ಮಾಡಿ, "ಹೂವು ನಿಲ್ಲವಲ್ಲದವ್ವಾ, ದಿನಾ ಬೆಳಿಗ್ಗೆ ಕಸ ಹೊಡದಂಗ ಹೊಡಿತೀನಿ" ಅಂದಳು. ಶುಕ್ರವಾರದ ರಾತ್ರಿ ಬಸ್ಸು ಹತ್ತಿದೆ.

ಬೆಳಿಗ್ಗೆ ಪಾಲಿಹೌಸಿನ ಬಾಗಿಲು ತೆಗೆದರೆ ಬಚ್ಚಲುಮನೆಗೆ ಹೊಕ್ಕಂತಾಯಿತು. ಮೇಲಿನ ಹಾಳೆಯಿಂದ ಹನಿ ಹನಿ ತೊಟ್ಟಿಕ್ಕುತ್ತಿತ್ತು. ಸಾಲಿನ ನಡುವೆ ಉದುರಿದ ಬಿಳಿ ಹೂಗಳು. ಕೆಳಗಿನ ಎಲೆಗಳ ಮೇಲೆ ಹಳದಿ ಮಚ್ಚೆ. ಎಲೆ ಮಗುಚಿ ನೋಡಿದೆ, ಅಡಿಯಲ್ಲಿ ಹಿಟ್ಟು ಚಿಮುಕಿಸಿದಂತೆ ಬಿಳುಪು. ಬೂದಿರೋಗ! ಇಷ್ಟು ಒಣ ಊರಿನಲ್ಲಿ ಬೂದಿರೋಗ ಹೇಗೆ ಬಂತು ಅಂತ ತಲೆ ಕೆಡಿಸಿಕೊಂಡೆ. ಓದಿದ ಮೇಲೆ ತಿಳಿಯಿತು, ಈ ರೋಗದ ಶಿಲೀಂಧ್ರಕ್ಕೆ ಬೇರೆ ರೋಗಗಳ ಹಾಗೆ ಎಲೆ ಮೇಲೆ ನೀರು ನಿಂತಿರಲೇಬೇಕು ಅಂತೇನಿಲ್ಲ. ಹಗಲು ಬೆಚ್ಚಗಿದ್ದು, ರಾತ್ರಿ ಗಾಳಿ ಆಡದೆ ತೇವ ಕಟ್ಟಿ ನಿಂತರೆ ಸಾಕು. ಆ ರಾತ್ರಿಗಳನ್ನು ಅದಕ್ಕೆ ಕೊಟ್ಟವಳು ನಾನೇ. ಸಂಜೆ ಐದೂವರೆವರೆಗೂ ಫಾಗರ್ ಹಾಕಿಸುತ್ತಿದ್ದೆ, ಪರದೆ ಮುಚ್ಚಿಯೇ ಇರುತ್ತಿತ್ತು.

ಅವತ್ತು ಮಧ್ಯಾಹ್ನ ಅಪ್ಪನ ಜೊತೆ ಒಳಗೇ ನಿಂತೆ. ನಾನು ಹೇಳಿದ ಹಾಗೆಯೇ ಎಲ್ಲಾ ಮುಚ್ಚಿ ಫಾಗರ್ ಹಾಕಿದರು. ಮೊದಲ ಹತ್ತು ನಿಮಿಷ ಖುಷಿಯಾಯಿತು, 43 ಇದ್ದದ್ದು 38ಕ್ಕೆ ಇಳಿಯಿತು. ಆಮೇಲೆ ಅಲ್ಲೇ ನಿಂತಿತು. ತೇವಾಂಶ ಶೇ 80 ದಾಟಿತು. ಎಲೆಯಿಂದ ನೀರು ಸೋರತೊಡಗಿತು. ಫಾಗರ್ ನಡೆಯುತ್ತಿರುವಾಗಲೇ ಉಷ್ಣಾಂಶ ಮತ್ತೆ ಏರಲು ಶುರುವಾಯಿತು.

ಅಪ್ಪ ಹೊರಗೆ ಬಂದು ಪಡಸಾಲೆಯ ಹರವಿ ತೋರಿಸಿದರು. "ಇದರಾಗಿನ ನೀರು ಯಾಕ ತಣ್ಣಗಿರ್ತಾವು?"

"ಹರವಿ ಬೆವರಿ, ಆ ನೀರು ಆವಿಯಾಗ್ತದ, ಅದಕ್ಕ."

"ಮತ್ತ ಮಳೆಗಾಲದಾಗ ಯಾಕ ಅಷ್ಟು ತಣ್ಣಗಿರಂಗಿಲ್ಲ? ಗಾಳ್ಯಾಗ ಮೊದಲ ನೀರು ತುಂಬಿರ್ತೈತಿ, ಇನ್ನೊಂದು ಹನಿಗೆ ಜಾಗ ಇರಂಗಿಲ್ಲ. ನೀನು ಒಳಗ ಮಳೆಗಾಲ ಮಾಡಿ ಕುಂತಿ. ಇದು ಎಸಿ ರೂಮಲ್ಲವ್ವಾ!"

ನನಗೆ ಅಲ್ಲೇ ಹೊಳೆಯಿತು. ಎಸಿ ಯಂತ್ರ ಕೋಣೆಯ ಶಾಖವನ್ನು ಪೈಪಿನಲ್ಲಿ ಹೊರಗೆ ಸಾಗಿಸುತ್ತದೆ, ಹಾಗಾಗಿ ಕಿಟಕಿ ಮುಚ್ಚಬೇಕು. ಫಾಗರ್ ಶಾಖವನ್ನು ಎಲ್ಲಿಗೂ ಸಾಗಿಸುವುದಿಲ್ಲ. ನೀರಿನ ಹನಿ ಆವಿಯಾಗುವಾಗ ಆ ಶಾಖವನ್ನು ಹೀರಿಕೊಂಡು ಗಾಳಿಯಲ್ಲೇ ಇರುತ್ತದೆ. ಆ ಒದ್ದೆ ಗಾಳಿ ನೆತ್ತಿಯ ಕಿಂಡಿಯಿಂದ ಹೊರಗೆ ಹೋಗಿ, ಪಕ್ಕದಿಂದ ಒಣಗಾಳಿ ಒಳಗೆ ಬಂದರೆ ಮಾತ್ರ ಮುಂದಿನ ಹನಿ ಆವಿಯಾದೀತು. ನಾನು ವೈರಿ ಅಂದುಕೊಂಡಿದ್ದ ಹೊರಗಿನ ಒಣಗಾಳಿಯೇ ನಮ್ಮ ಕೂಲರ್. ಹೊರಗೆ 39 ಡಿಗ್ರಿ, ತೇವಾಂಶ ಶೇ 22 ಇದ್ದ ಹೊತ್ತಿನಲ್ಲಿ ಆ ಗಾಳಿಗೆ ಕುಡಿಯುವಷ್ಟು ನೀರು ಕೊಟ್ಟರೆ ಲೆಕ್ಕದ ಪ್ರಕಾರ ಸುಮಾರು 23 ಡಿಗ್ರಿವರೆಗೂ ತಣ್ಣಗಾಗುವ ಶಕ್ತಿ ಅದಕ್ಕಿದೆ. ಬಿಸಿಲು ಬೀಳುವ ಪಾಲಿಹೌಸಿನಲ್ಲಿ ಅಷ್ಟು ಎಂದೂ ಸಿಗದು, ಆದರೆ ಅದರಲ್ಲೊಂದು ಪಾಲು ಸಿಕ್ಕರೂ ಸಾಕು.

ಸರಿ, ಪಕ್ಕದ ಪರದೆ ನಾಲ್ಕೂ ಕಡೆ ಏರಿಸಿದೆವು. ಆದರೂ ಗಾಳಿ ಬಂದಂತೆ ಅನಿಸಲಿಲ್ಲ. ಅಪ್ಪ ದೇವರ ಮನೆಯಿಂದ ಊದಿನಕಡ್ಡಿ ತಂದು ಹಚ್ಚಿ, ಗಾಳಿ ಬೀಸುವ ಕಡೆಯ ಬಲೆಯ ಒಳಬದಿಗೆ ಹಿಡಿದರು. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಹೊರಗೆ ಜಾಲಿ ಗಿಡ ಅಲ್ಲಾಡುತ್ತಿತ್ತು, ಒಳಗೆ ಹೊಗೆ ಮಾತ್ರ ಅಲ್ಲಾಡಲಿಲ್ಲ. ಬಲೆಗೆ ಬೆರಳು ಹಚ್ಚಿ ನೋಡಿದರೆ ಕೆಂಪು ಧೂಳು ಮೆತ್ತಿಕೊಂಡಿತ್ತು. ಥ್ರಿಪ್ಸ್ ನುಸಿ ನುಸುಳಬಾರದು ಅಂತ ಹಾಕಿದ ಸಣ್ಣ ಕಣ್ಣಿನ ಬಲೆ ಮೊದಲೇ ಗಾಳಿಯನ್ನು ತಡೆಯುತ್ತದೆ. ಒಂದು ಬೇಸಿಗೆಯ ಧೂಳು ಸೇರಿದರೆ ಅದು ಗೋಡೆಯೇ.

ಇಬ್ಬರೂ ಸೇರಿ ಪೈಪ್ ಹಿಡಿದು ಒಳಗಿನಿಂದ ಹೊರಕ್ಕೆ ನೀರು ಹೊಡೆದು ಬಲೆ ತೊಳೆದೆವು. ಅರ್ಧ ದಿನ ಹಿಡಿಯಿತು. ಮತ್ತೆ ಊದಿನಕಡ್ಡಿ ಹಿಡಿದಾಗ ಹೊಗೆ ಒಳಮುಖವಾಗಿ ಬಾಗಿ, ಮೇಲಿನ ಕಿಂಡಿಯ ಕಡೆ ಹೊರಟಿತು. ಈಗಲೂ ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಅಪ್ಪ ಆ ಪರೀಕ್ಷೆ ಮಾಡುತ್ತಾರೆ. ನನ್ನ ಸೆನ್ಸರಿಗೆ ಸೆಕೆ ಎಷ್ಟಿದೆ ಅಂತ ಗೊತ್ತು, ಯಾಕಿದೆ ಅನ್ನುವುದು ಗೊತ್ತಿಲ್ಲ.

ನೆರಳು ಪರದೆಯಲ್ಲೂ ಒಂದು ಎಡವಟ್ಟಿತ್ತು. ಬೆಳಗಿನಿಂದ ಸಂಜೆವರೆಗೆ ಎಳೆದೇ ಇಟ್ಟಿದ್ದೆವು. ಗಿಡ ಬೆಳಕಿಗಾಗಿ ಸಣಕಲಾಗಿ ಉದ್ದಕ್ಕೆ ಎದ್ದಿತ್ತು. ಅದು ಸಾಲದೆಂಬಂತೆ, ಸಂದಿಲ್ಲದೆ ಎಳೆದ ಪರದೆ ಬಿಸಿಗಾಳಿ ನೆತ್ತಿಯ ಕಿಂಡಿ ಮುಟ್ಟದ ಹಾಗೆ ಮುಚ್ಚಳ ಹಾಕಿದಂತೆ ಆಗಿತ್ತು. ಅವತ್ತಿನಿಂದ ಹನ್ನೊಂದಕ್ಕೆ ಎಳೆದು ಮೂರೂವರೆಗೆ ತೆಗೆಯುವುದು, ಕಿಂಡಿಯ ಕೆಳಗೆ ಒಂದು ಗೇಣು ಸಂದು ಬಿಡುವುದು, ಮೋಡ ಕವಿದ ದಿನ ಎಳೆಯದೇ ಇರುವುದು ಅಂತ ಮಾಡಿಕೊಂಡೆವು.

ಭಾನುವಾರ ಮಧ್ಯಾಹ್ನ ಎಲ್ಲಾ ತೆರೆದಿಟ್ಟು ಫಾಗರ್ ಹಾಕಿದೆವು. ಒಮ್ಮೆಗೆ ಅರ್ಧ ನಿಮಿಷ, ಆಮೇಲೆ ಐದು ನಿಮಿಷ ಬಿಡುವು. ಎಲೆ ಮೇಲೆ ಹನಿ ಕಂಡರೆ ಬಿಡುವು ಹೆಚ್ಚಿಸುವುದು. ಒಂದು ತಾಸಿನಲ್ಲಿ 35 ಡಿಗ್ರಿಗೆ ಬಂತು, ತೇವಾಂಶ ಶೇ 55ರ ಆಸುಪಾಸು. ಮುಚ್ಚಿಟ್ಟಾಗ ಸುರಿದ ನೀರಿನಲ್ಲಿ ಅರ್ಧವೂ ಖರ್ಚಾಗಲಿಲ್ಲ. ದೊಣ್ಣೆಮೆಣಸಿನಕಾಯಿಗೆ 35 ಕೂಡ ಹೆಚ್ಚೇ. ಹಗಲು 30ರೊಳಗಿದ್ದರೆ ಅದಕ್ಕೆ ಹಿತ, 32 ದಾಟಿದರೆ ಹೂವಿನ ಪರಾಗ ಕೆಟ್ಟು ಹೂ ಉದುರಲು ಶುರು. ಆದರೆ 43ರಲ್ಲಿ ಒಂದೂ ನಿಲ್ಲದಿದ್ದ ಕಡೆ, 35ರಲ್ಲಿ ಬೆಳಿಗ್ಗೆ ಅರಳಿದ್ದರಲ್ಲಿ ಕೆಲವಾದರೂ ನಿಲ್ಲುತ್ತವೆ.

ಇನ್ನು ರಾತ್ರಿಯ ವಿಷಯ. ಕೊನೆಯ ಫಾಗರ್ ಮಧ್ಯಾಹ್ನ ಮೂರೂವರೆಗೆ ಬಂದ್. ಹೊತ್ತು ಮುಳುಗುವ ಮೊದಲು ಎಲೆ ಒಣಗಿರಬೇಕು. ಏಪ್ರಿಲ್ ರಾತ್ರಿ ನಮ್ಮಲ್ಲಿ ಚಳಿ ಏನೂ ಇಲ್ಲ, ಪರದೆ ಮುಚ್ಚುವ ಮಾತೇ ಇಲ್ಲ. ಡಿಸೆಂಬರ್, ಜನವರಿಯಲ್ಲಿ ಥಂಡಿಗೆ ಪಕ್ಕದ್ದು ಇಳಿಸುತ್ತೇವೆ, ನೆತ್ತಿಯ ಕಿಂಡಿ ಆಗಲೂ ತೆರೆದೇ ಇರುತ್ತದೆ. ಚಳಿಗಾಲದಲ್ಲಿ ಅಪ್ಪ ಸೂರ್ಯ ಹುಟ್ಟುವ ಹೊತ್ತಿಗೇ ಹೋಗಿ ಪರದೆಯನ್ನು ಒಂದು ಮೊಳ ಎತ್ತುತ್ತಾರೆ. ಬಿಸಿಲು ಬಿದ್ದ ಕೂಡಲೇ ಗಿಡ ಬೆವರಲು ಶುರು ಮಾಡುತ್ತದೆ, ರಾತ್ರಿಯಿಡೀ ತಣ್ಣಗಾದ ಕಾಯಿ ಇನ್ನೂ ತಣ್ಣಗೇ ಇರುತ್ತದೆ. ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೇಲೆ ನೀರು ಕೂತ ಹಾಗೆ ಕಾಯಿ ಮೇಲೆ ಹನಿ ಕೂರುತ್ತದೆ. ಕೊಳೆರೋಗಕ್ಕೆ ಅಷ್ಟೇ ಬೇಕು.

ಬೂದಿರೋಗದ ಎಲೆಗಳನ್ನು ಕಿತ್ತು ಚೀಲಕ್ಕೆ ತುಂಬಿ ಹೊರಗೆ ಸುಟ್ಟೆವು. ನೀರಿನಲ್ಲಿ ಕರಗುವ ಗಂಧಕ ಹೊಡೆಯುವುದಿತ್ತು. ಆದರೆ 32 ಡಿಗ್ರಿ ಮೀರಿದ ಬಿಸಿಲಿನಲ್ಲಿ ಹೊಡೆದರೆ ಗಂಧಕವೇ ಎಲೆ ಸುಡುತ್ತದೆ. ಅದಕ್ಕೆ ನಸುಕಿನಲ್ಲೇ ಎದ್ದು, ಎಲೆಯ ಅಡಿಗೆ ತಾಗುವಂತೆ ಹೊಡೆದು ಮುಗಿಸಿದೆವು. ಮೇಲಿನ ಎಲೆ ಉಳಿದವು, ಕೆಳಗಿನವು ಹೋದವು. ಎರಡು ವಾರದ ಮೇಲೆ ಅವ್ವ ಕಳಿಸಿದ ಫೋಟೋದಲ್ಲಿ ಬೆರಳಿನ ತುದಿಯಷ್ಟು ಎಳೆಗಾಯಿಗಳಿದ್ದವು. ನನ್ನ ಹತ್ತು ದಿನದ ಎಸಿ ರೂಮಿನಲ್ಲಿ ಉದುರಿದ ಹೂಗಳ ಕಾಯಿ ಮಾತ್ರ ಆ ಮೇ ತಿಂಗಳಲ್ಲಿ ಸಿಗಲಿಲ್ಲ. ಮುಂದಿನ ಸಸಿಯ ದುಡ್ಡಿಗೆ ಅಪ್ಪ ಸೊಸೈಟಿಗೆ ಹೋಗಬೇಕಾಯಿತು.

ನಮ್ಮ ವೇಳಾಪಟ್ಟಿಯನ್ನು ಹಗರಿಬೊಮ್ಮನಹಳ್ಳಿ ಕಡೆಯ ಸೋದರಮಾವನಿಗೆ ಹೇಳಿದಾಗ ಅವರು ನಕ್ಕರು. ಅವರ ಹೊಲ ತುಂಗಭದ್ರಾ ಹಿನ್ನೀರಿಗೆ ಹತ್ತಿರ. ನೀರು ತುಂಬಿದ ತಿಂಗಳುಗಳಲ್ಲಿ ಬೆಳಗಿನ ಇಬ್ಬನಿ ಜಾಸ್ತಿ, ಅವರು ಫಾಗರ್ ಇನ್ನೂ ಬೇಗ ನಿಲ್ಲಿಸುತ್ತಾರೆ. ಕೂಡ್ಲಿಗಿ ಕಡೆಯ ಒಣ ಹೊಲದವರಿಗೆ ನುಸಿಯ ಕಾಟ ಹೆಚ್ಚು. ಎಲೆ ದೋಣಿಯಂತೆ ಮೇಲಕ್ಕೆ ಮುದುಡಿದರೆ ಥ್ರಿಪ್ಸ್, ಕೆಳಕ್ಕೆ ಮುದುಡಿದರೆ ಮೈಟ್ ಅಂತ ಮೆಣಸಿನಕಾಯಿ ಬೆಳೆಯುವ ನಮ್ಮ ಹಿರಿಯರಿಗೆ ಮೊದಲಿಂದಲೂ ಗೊತ್ತು. ಪೂರ್ತಿ ಒಣಗಾಳಿ ಈ ಎರಡಕ್ಕೂ ಒಂದೇ ತೆರನಲ್ಲ. ಥ್ರಿಪ್ಸ್ ಅದರಲ್ಲಿ ಹೆಚ್ಚುತ್ತದೆ, ಮುದುಡಿಸುವ ಹಳದಿ ಮೈಟಿಗೆ ಮಾತ್ರ ತೇವವೇ ಇಷ್ಟ.

ಊರಿನಲ್ಲಿ ತ್ರೀಫೇಸ್ ಕರೆಂಟ್ ದಿನಕ್ಕೆ ಕೆಲವೇ ತಾಸು. ಎಷ್ಟೋ ದಿನ ಸರಿಯಾಗಿ ಮಧ್ಯಾಹ್ನವೇ ಇರುವುದಿಲ್ಲ. ಆಗ ಫಾಗರ್ ಇಲ್ಲ, ಪರದೆ ಮಾತ್ರ. ಮೊನ್ನೆ ಮಧ್ಯಾಹ್ನ ಮೊಬೈಲಿನಲ್ಲಿ 38 ಡಿಗ್ರಿ ನೋಡಿ ಅಪ್ಪನಿಗೆ ಫೋನ್ ಮಾಡಿದೆ. ಈ ಸಲ ಏನು ಮಾಡಬೇಕು ಅಂತ ಹೇಳಲಿಲ್ಲ, ಕೇಳಿದೆ.

"ಹೊಗಿ ಬಾಗಾಕತ್ತೈತಿ" ಅಂದರು ಅಪ್ಪ. "ನೀ ಉಣ್ಣು."