ಡ್ರೈವರಣ್ಣನಿಗೊಂದು ಕಾಗದ

ನಾಲ್ಕಕ್ಷರ ಬರೆದು ಪತ್ರಿಕೆಯಲ್ಲಿ ಅಚ್ಚು ಹಾಕಿಸಿಕೊಂಡವನು ಬೀದಿಗೆಲ್ಲ ಬಿಟ್ಟಿ ಗುಮಾಸ್ತ. ಗೃಹಪ್ರವೇಶದ ಆಮಂತ್ರಣ, ಕಾವೇರಿ ನೀರು ಬರಲಿಲ್ಲವೆಂಬ ಅರ್ಜಿ, ನಿವೃತ್ತರಾದವರಿಗೆ ಬಿನ್ನವತ್ತಳೆ, ಎಲ್ಲವೂ ಅವನ ಮನೆ ಬಾಗಿಲಿಗೇ ಬಂದು ನಿಲ್ಲುತ್ತವೆ. ಹಾಗಾಗಿ ಮಾರ್ಚ್ ಕೊನೆಯಲ್ಲಿ ನಮ್ಮ ಸ್ಟಾಪಿನ ತಾಯ್ತಂದೆಯರ ವಾಟ್ಸಾಪ್ ಗುಂಪಿನಲ್ಲಿ ‘ಸ್ಕೂಲ್ ಬಸ್ ಡ್ರೈವರ್‌ಗೆ ಈ ಸಲ ಎಲ್ಲರೂ ಸೇರಿ ಒಂದು ಥ್ಯಾಂಕ್ಸ್ ಹೇಳೋಣ’ ಎಂಬ ಮಾತು ಎದ್ದಾಗ ಮುಂದಿನ ಸಾಲು ನನಗೆ ಗೊತ್ತೇ ಇತ್ತು: ‘ಸಾರ್, ನೀವೇ ಬರೆದ್ಬಿಡಿ.’

ನಾನು ಪೆನ್ನು ಹುಡುಕುವಷ್ಟರಲ್ಲಿ ಉತ್ಸಾಹಿಗಳೊಬ್ಬರು ಒಂದು ಕರಡನ್ನು ಹಾಕಿಯೇ ಬಿಟ್ಟರು. ಅದರಲ್ಲಿ ನಿಷ್ಠೆ ಇತ್ತು, ಸಮರ್ಪಣಾ ಭಾವ ಇತ್ತು, ಅಮೂಲ್ಯ ಸೇವೆ ಇತ್ತು, ಕೊನೆಗೆ ಕೈಮುಗಿಯುವ ಚಿತ್ರಗಳೂ ಇದ್ದವು. ಮೊಮ್ಮಗಳನ್ನು ಬಸ್ಸು ಹತ್ತಿಸಲು ಬರುವ ನಿವೃತ್ತ ಮೇಷ್ಟ್ರು ಮರುದಿನ ಬೆಳಗ್ಗೆ ಸ್ಟಾಪಿನಲ್ಲಿ ಕನ್ನಡಕ ಏರಿಸಿ ಅದನ್ನು ಓದಿದರು. ‘ಚೆನ್ನಾಗಿದೆ. ಕುಲಪತಿಗಳಿಗೂ ಕೊಡಬಹುದು, ಬ್ಯಾಂಕ್ ಮ್ಯಾನೇಜರಿಗೂ ಕೊಡಬಹುದು. ಆದ್ರೆ ಇದ್ರಲ್ಲಿ ಬಸ್ಸೆಲ್ಲಿದೆಯಪ್ಪಾ?’ ಎಂದರು.

ಬಸ್ಸನ್ನು ಕಾಗದದೊಳಗೆ ತರುವುದು ತೋರಿದಷ್ಟು ಸುಲಭವಲ್ಲ. ಟೀಚರಿಗೆ ಬರೆಯುವುದಾದರೆ ಮಗು ಮಗ್ಗಿ ಕಲಿತದ್ದನ್ನು ಹೇಳಬಹುದು, ಅಕ್ಷರ ದುಂಡಗಾದದ್ದನ್ನು ತೋರಿಸಬಹುದು. ಡ್ರೈವರಿನ ಕೆಲಸ ಚೆನ್ನಾಗಿ ನಡೆದರೆ ತೋರಿಸಲು ಏನೂ ಉಳಿಯುವುದಿಲ್ಲ. ಮಗು ಹೋಯಿತು, ಮಗು ಬಂತು, ಅಷ್ಟೇ. ಆಗದೆ ಹೋದದ್ದಕ್ಕೆ ಉಪಕಾರ ಹೇಳುವುದು ಹೇಗೆ?

ಈ ಫಜೀತಿ ನನಗೊಬ್ಬನಿಗೇ ಅಲ್ಲ, ಕಾನೂನಿಗೂ ಇದೆ. 1997ರ ನವೆಂಬರ್‌ನಲ್ಲಿ ದೆಹಲಿಯ ವಜೀರಾಬಾದ್ ಸೇತುವೆಯಿಂದ ಶಾಲಾ ಬಸ್ಸೊಂದು ಯಮುನೆಗೆ ಬಿದ್ದು 28 ಮಕ್ಕಳು ಸತ್ತರು. ಮರುತಿಂಗಳೇ ಸುಪ್ರೀಂ ಕೋರ್ಟು ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಶಾಲಾ ಬಸ್ಸುಗಳು ಹೇಗಿರಬೇಕೆಂದು ಹೇಳಿತು. ಕಿಟಕಿಗೆ ಅಡ್ಡ ಸರಳು, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಬೆಂಕಿ ಆರಿಸುವ ಸಾಧನ, ಸರಿಯಾಗಿ ಬೀಗ ಬೀಳುವ ಬಾಗಿಲು ಎಂದೆಲ್ಲ ಹೇಳಿ ಡ್ರೈವರಿನ ವಿಷಯಕ್ಕೆ ಬಂದಾಗ ಅದೂ ‘ಇಲ್ಲ’ಗಳ ಭಾಷೆಯನ್ನೇ ಹಿಡಿಯಿತು. ಭಾರಿ ವಾಹನ ಓಡಿಸಿದ ಅನುಭವ 5 ವರ್ಷಕ್ಕೆ ಕಡಿಮೆ ಇರಬಾರದು. ಕೆಂಪು ದೀಪ ಹಾರಿಸಿದಂಥ ತಪ್ಪಿಗೆ ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ದಂಡ ಬಿದ್ದಿರಬಾರದು. ಅತಿವೇಗಕ್ಕೋ ಕುಡಿತಕ್ಕೋ ಒಮ್ಮೆಯೂ ಸಿಕ್ಕಿಬಿದ್ದಿರಬಾರದು. ಒಳ್ಳೆಯ ಡ್ರೈವರೆಂದರೆ ಏನೇನು ಮಾಡಿರದವನು ಎಂಬ ಪಟ್ಟಿ ಅದು. ಕೋರ್ಟಿಗೆ ಅಷ್ಟು ಸಾಕು. ಕೃತಜ್ಞತೆಯ ಕಾಗದದಲ್ಲಿ ‘ನೀವು ಕುಡಿದು ಓಡಿಸಲಿಲ್ಲ, ವಂದನೆಗಳು’ ಎಂದು ಬರೆದರೆ ಏಟು ಬೀಳುತ್ತದೆ.

ಸರಿ, ಅವರು ಏನು ಮಾಡಿದರೆಂದು ಕೇಳಿ ತಿಳಿಯೋಣವೆಂದು ಗುಂಪಿನಲ್ಲಿ ಪ್ರಶ್ನೆ ಹಾಕಿದೆ. ‘ಟೈಮಿಗೆ ಬರ್ತಾರೆ’ ಎಂದರು ಒಬ್ಬರು. ‘ಹೌದು, ಟೈಮಿಗೆ ಬರ್ತಾರೆ’ ಎಂದರು ಇನ್ನೊಬ್ಬರು. ದೊಡ್ಡವರಿಗೆ ಡ್ರೈವರೆಂದರೆ ಕಿಟಕಿಯಲ್ಲಿ ಅರೆಗಳಿಗೆ ಕಾಣುವ ಒಂದು ಮೊಣಕೈ. ಅವರ ಜೊತೆ ದಿನಾ ಪ್ರಯಾಣ ಮಾಡುವವರೇ ಬೇರೆ. ಆದ್ದರಿಂದ ಸಂಜೆ ಪಾರ್ಕಿನಲ್ಲಿ ಮಕ್ಕಳನ್ನು ಸುತ್ತ ಕೂರಿಸಿಕೊಂಡೆ.

ಮೊದಲು ಬಂದದ್ದು ಬಾಟಲಿಯ ಸುದ್ದಿ. ‘ನಮ್ಮಂಕಲ್ ಓಡ್ಸಿದ್ರೆ ಬಾಟ್ಲು ಉರುಳಲ್ಲ’ ಎಂದ ಮೂರನೇ ಕ್ಲಾಸಿನವನು. ಅವರು ರಜೆ ಹಾಕಿದ್ದ ವಾರ ಬದಲಿ ಡ್ರೈವರು ಬಂದಿದ್ದರಂತೆ. ಆಗ ಕೊನೆಯ ಸೀಟಿನಡಿ ಬಿದ್ದ ಸ್ಟೀಲ್ ಬಾಟಲಿ ಒಂದೊಂದು ಬ್ರೇಕಿಗೂ ಮೆಟ್ಟಿಲ ತನಕ ಉರುಳಿ ಹೋಗುತ್ತಿತ್ತಂತೆ, ಹುಡುಗರು ಅದರ ಮೇಲೆ ಬಾಜಿ ಕಟ್ಟಿದ್ದರಂತೆ. ಬ್ರೇಕನ್ನು ಹದವಾಗಿ ಒತ್ತಬೇಕಾದರೆ ಮುಂದಿನ ವಾಹನದಿಂದ ಮೊದಲೇ ದೂರ ಇಟ್ಟುಕೊಂಡಿರಬೇಕು. ಬೆಂಗಳೂರಿನಲ್ಲಿ ಹಾಗೆ ಬಿಟ್ಟ ಜಾಗಕ್ಕೆಲ್ಲ ಒಂದೊಂದು ಸ್ಕೂಟರು ನುಗ್ಗುತ್ತದೆ. ನುಗ್ಗಿದಷ್ಟು ಸಲವೂ ಸಿಟ್ಟಾಗದೆ ಮತ್ತೆ ಜಾಗ ಬಿಡಬೇಕು. ಬಾಟಲಿ ಉರುಳದಿರುವುದರ ಹಿಂದೆ ಇಷ್ಟೆಲ್ಲ ತಾಳ್ಮೆ ಇದೆ.

ಆಮೇಲೆ ವಾಂತಿಯ ಪ್ರಕರಣ. ಒಂದನೇ ಕ್ಲಾಸಿನ ಪುಟ್ಟಿಯೊಬ್ಬಳಿಗೆ ಜೂನ್ ತಿಂಗಳಿಡೀ ಬಸ್ಸಿನಲ್ಲಿ ವಾಂತಿ. ಡ್ರೈವರು ಅವಳನ್ನು ಹಿಂದಿನ ಸೀಟಿನಿಂದ ಎಬ್ಬಿಸಿ ಮುಂದುಗಡೆ, ಆಯಮ್ಮನ ಪಕ್ಕದ ಕಿಟಕಿಗೆ ಕೂರಿಸಿ, ‘ಪುಸ್ತಕ ನೋಡ್ಬೇಡ ಕಂದ, ದೂರದ ಮರ ನೋಡು’ ಎಂದರಂತೆ. ಡಾಕ್ಟರು ಹೇಳುವುದೂ ಅದನ್ನೇ. ಹಿಂದಿನ ಚಕ್ರದಾಚೆಗಿನ ಸೀಟುಗಳಲ್ಲಿ ಕುಲುಕಾಟ ಜಾಸ್ತಿ. ದೇಹ ಅಲುಗುತ್ತಿದೆಯೆಂದು ಕಿವಿಯೊಳಗಿನ ಸಮತೋಲನದ ಅಂಗ ಹೇಳುತ್ತದೆ, ಪುಸ್ತಕದಲ್ಲಿ ನೆಟ್ಟ ಕಣ್ಣು ಇಲ್ಲವೆನ್ನುತ್ತದೆ, ಇಬ್ಬರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಆ ಪುಟ್ಟಿ ಈಗ ನೆಮ್ಮದಿಯಾಗಿ ತಿಂಡಿ ತಿಂದು ಬಸ್ಸು ಹತ್ತುತ್ತಾಳೆ.

ಇನ್ನೊಬ್ಬ ಹುಡುಗ ಹೇಳಿದ್ದು ಕೇಳಿ ನಾನು ಸ್ವಲ್ಪ ಹೊತ್ತು ಸುಮ್ಮನಾದೆ. ಶಾಲೆ ತಲುಪಿ ಎಲ್ಲರೂ ಇಳಿದ ಮೇಲೆ ಅಂಕಲ್ ಎದ್ದು ಕೊನೆಯ ಸೀಟಿನ ತನಕ ನಡೆದು, ಬಗ್ಗಿ ಸೀಟಿನಡಿಯೆಲ್ಲ ನೋಡಿ ಬರುತ್ತಾರಂತೆ. ‘ಒಂದಿನ ಯುಕೆಜಿ ಪಾಪು ಅಲ್ಲೇ ಮಲ್ಗಿತ್ತು.’ ಕಿಟಕಿ ಮುಚ್ಚಿ ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಕೆಲವೇ ನಿಮಿಷಗಳಲ್ಲಿ ಕಾವು ಏರುತ್ತದೆ. ಬೇರೆ ದೇಶಗಳ ಎಷ್ಟೋ ಬಸ್ಸುಗಳಲ್ಲಿ ಇದಕ್ಕೆಂದೇ ಹಿಂಬದಿಯಲ್ಲಿ ಒಂದು ಗುಂಡಿ ಇಟ್ಟಿರುತ್ತಾರೆ. ಎಂಜಿನ್ ಆರಿಸಿದ ಮೇಲೆ ಡ್ರೈವರು ಅಲ್ಲಿಯ ತನಕ ನಡೆದು ಅದನ್ನು ಒತ್ತದಿದ್ದರೆ ಅಲಾರಂ ಬಡಿದುಕೊಳ್ಳುತ್ತದೆ. ನಮ್ಮ ಬಸ್ಸಿನಲ್ಲಿ ಗುಂಡಿ ಇಲ್ಲ, ನಡಿಗೆ ಮಾತ್ರ ಇದೆ.

ಬೇರೆ ದೇಶ ಎಂದಾಗ ಬಸ್ಸಿನ ಬಣ್ಣವೂ ನೆನಪಾಗುತ್ತದೆ. ಆ ಹಳದಿ 1939ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಫ್ರಾಂಕ್ ಸೈರ್ ಎಂಬ ಪ್ರಾಧ್ಯಾಪಕರು ಕರೆದ ಸಭೆಯಲ್ಲಿ ತೀರ್ಮಾನವಾದದ್ದು. ಬೆಳಗಿನ ಮಬ್ಬಿನಲ್ಲಿ ಕಣ್ಣಿಗೆ ಬೀಳಬೇಕು, ಮೇಲೆ ಬರೆದ ಕಪ್ಪು ಅಕ್ಷರ ಓದಲು ಬರಬೇಕು ಎಂಬುದೇ ಲೆಕ್ಕ. ಆದರೆ ಬಣ್ಣದ ಜೊತೆಗಿನ ಮರ್ಯಾದೆ ನಮ್ಮ ರಸ್ತೆಗೆ ಬಂದಿಲ್ಲ. ಅಲ್ಲಿ ಬಸ್ಸು ತನ್ನ ಪಕ್ಕೆಯಿಂದ ‘ನಿಲ್ಲಿ’ ಎಂಬ ಫಲಕವನ್ನು ಚಾಚಿದರೆ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ ಎದುರಿಂದ ಬರುವವರೂ ನಿಲ್ಲಬೇಕು. ಇಲ್ಲಿ ಆ ಫಲಕದ ಕೆಲಸವನ್ನು ಆಯಮ್ಮನ ಬಲಗೈ ಮಾಡುತ್ತದೆ. ಆಕೆ ಮಕ್ಕಳನ್ನು ದಾಟಿಸಿ, ಆಚೆ ಫುಟ್‌ಪಾತಿನಲ್ಲಿ ಎಣಿಸಿ ಕೈ ಎತ್ತುವ ತನಕ ನಮ್ಮ ಡ್ರೈವರು ಗೇರಿಗೆ ಕೈ ಹಾಕುವುದಿಲ್ಲ. ಅಷ್ಟೆತ್ತರದ ಸೀಟಿನಿಂದ ಬಂಪರಿನ ಮುಂದೆ ನಿಂತ ಪುಟ್ಟ ಮಗು ಕಾಣುವುದೇ ಇಲ್ಲ. ಹಿಂದೆ ಎಷ್ಟು ಹಾರ್ನು ಬಡಿದರೂ ಅವರು ಕದಲದಿರುವುದು ಅದಕ್ಕೇ.

ಈಗ ನನ್ನ ಬಳಿ ಸರಕು ಬೇಕಾದಷ್ಟಿತ್ತು. ಇನ್ನು ಯಾವುದನ್ನು ಬಿಡಬೇಕೆಂಬುದೇ ಸಮಸ್ಯೆ. ಒಬ್ಬ ತಾಯಿ, ‘ನಾವು ಲೇಟಾದಾಗೆಲ್ಲ ಐದು ನಿಮಿಷ ಕಾದಿದ್ದಾರೆ, ಬರೀರಿ’ ಎಂದರು. ಇನ್ನೊಬ್ಬರು, ‘ಮಳೆ ಬಂದಾಗ ನಮ್ಮ ಗೇಟಿನ ತನಕ ತಂದು ಬಿಟ್ಟಿದ್ದಾರೆ’ ಎಂದರು. ಕಾಗದದ ಪ್ರತಿ ಶಾಲೆಯ ಟ್ರಾನ್ಸ್‌ಪೋರ್ಟ್ ಇನ್‌ಚಾರ್ಜ್ ಕೈಗೂ ಹೋಗುತ್ತದೆ. ಬಸ್ಸು ಎಲ್ಲಿ ಎಷ್ಟು ಹೊತ್ತು ನಿಂತಿತೆಂದು ಜಿಪಿಎಸ್‌ನಲ್ಲಿ ನೋಡುವವರು ಅವರು. ನಾವು ಹೊಗಳಿ ಬರೆದ ಸಾಲನ್ನೇ ಅವರು ದೂರೆಂದು ಓದಬಹುದು. ಇಂಥ ಉಪಕಾರಕ್ಕೆ ಬಾಯಿಮಾತಿನ ಧನ್ಯವಾದವೇ ಕ್ಷೇಮ.

ಹಾಗಾದರೆ ಕಾಗದದಲ್ಲಿ ಇರಬೇಕಾದದ್ದು ಯಾವುದು? ವಿಚಿತ್ರವೆಂದರೆ, ನಮಗೆ ಆಗ ಸಿಟ್ಟು ಬರಿಸಿದ ಸಂಗತಿಗಳೇ. ಒಂದು ಸಂಜೆ ಗುರುತಿನ ಚೀಟಿ ಇಲ್ಲದೆ ಬಂದ ಸೋದರಮಾವನಿಗೆ ಮಗುವನ್ನು ಕೊಡುವುದಿಲ್ಲವೆಂದು ಡ್ರೈವರೂ ಆಯಮ್ಮನೂ ಹಟ ಹಿಡಿದಿದ್ದರು. ಮಗು ‘ಮಾಮಾ’ ಎಂದು ಕೂಗುತ್ತಲೇ ಇತ್ತು. ಅಪ್ಪನಿಗೆ ಫೋನು ಹಚ್ಚಿ, ಅವರು ಒಪ್ಪಿ, ಶಾಲೆಯವರೂ ಹೂಂ ಎಂದ ಮೇಲೇ ಇಳಿಸಿದ್ದು. ಆ ರಾತ್ರಿ ಗುಂಪಿನಲ್ಲಿ ಆ ಅಪ್ಪ ಕೆಂಡ ಕಾರಿದ್ದರು. ಸೆಪ್ಟೆಂಬರಿನ ಮಳೆಯಲ್ಲಿ ಇನ್ನೊಂದು. ಅಂಡರ್‌ಪಾಸಿನಲ್ಲಿ ನೀರು ನಿಂತಿತ್ತು. ಮುಂದಿನ ಕಾರುಗಳು ಇಳಿದು ದಾಟುತ್ತಿದ್ದವು. ಇವರು ಇಳಿಸಲಿಲ್ಲ. ಆಳ ಗೊತ್ತಿಲ್ಲದ ನೀರೆಂದು ಬಳಸು ದಾರಿ ಹಿಡಿದು ಮುಕ್ಕಾಲು ಗಂಟೆ ತಡವಾಗಿ ಬಂದರು. ಅಂದು ಗುಂಪಿನಲ್ಲಿ ಬಂದ ಮೆಸೇಜುಗಳನ್ನು ಇಲ್ಲಿ ಬರೆಯುವಂತಿಲ್ಲ.

ಕೊನೆಗೆ ಕಾಗದ ಹೀಗಾಯಿತು. ಮೇಲೆ ತಾರೀಖು, ರೂಟ್ ನಂಬರು, ಬಸ್ಸಿನ ನಂಬರು. ಅಂಥವಿದ್ದರೆ ಮುಂದೆ ಎಲ್ಲಾದರೂ ಕೆಲಸ ಕೇಳುವಾಗ ತೋರಿಸಲು ಬರುತ್ತದೆಂದು ಮೇಷ್ಟ್ರ ಸಲಹೆ.

‘ಡ್ರೈವರಣ್ಣನಿಗೂ ಆಯಮ್ಮನಿಗೂ ನಮಸ್ಕಾರ. ಈ ವರ್ಷ ನೀವು ನಮ್ಮ ಮಕ್ಕಳನ್ನು ಕರೆದೊಯ್ದು ಕರೆತಂದಿರಿ. ನಿಮ್ಮ ಬಸ್ಸಿನಲ್ಲಿ ಬಾಟಲಿ ಉರುಳುವುದಿಲ್ಲ ಎನ್ನುತ್ತಾರೆ ಮಕ್ಕಳು. ವಾಂತಿ ಬರುವ ಮಗುವಿಗೆ ಸರಿಯಾದ ಸೀಟು ಹುಡುಕಿಕೊಟ್ಟಿರಿ. ಎಲ್ಲರೂ ಇಳಿದ ಮೇಲೆ ಕೊನೆಯ ಸೀಟಿನ ತನಕ ಹೋಗಿ ನೋಡುತ್ತೀರಿ. ಕಾರ್ಡಿಲ್ಲದೆ ಬಂದವರಿಗೆ ಮಗುವನ್ನು ಕೊಡಲಿಲ್ಲ. ಮಳೆಯ ದಿನ ಅಂಡರ್‌ಪಾಸಿಗೆ ಬಸ್ಸು ಇಳಿಸಲಿಲ್ಲ. ಆ ದಿನಗಳಲ್ಲಿ ನಾವು ಏನೇನೋ ಅಂದಿದ್ದೇವೆ. ಮುಂದೆಯೂ ಹೀಗೇ ಮಾಡಿ, ನಾವು ಅಂದರೂ ಮಾಡಿ. ಇಂತಿ, ಈ ಸ್ಟಾಪಿನ ತಾಯ್ತಂದೆಯರು.’

ಮೊದಲ ಸಹಿ ಹಾಕಿದ್ದು ಕೆಂಡ ಕಾರಿದ್ದ ಅಪ್ಪ. ಮಕ್ಕಳು ಉಳಿದ ಜಾಗದಲ್ಲೆಲ್ಲ ಬಸ್ಸಿನ ಚಿತ್ರ ಬರೆದರು.

ಏಪ್ರಿಲ್ 10, ಫಲಿತಾಂಶದ ದಿನ ಕೊಟ್ಟೆವು. ಮೈಸೂರುಪಾಕಿನ ಡಬ್ಬಿಯನ್ನು ಆಯಮ್ಮ ತೆಗೆದುಕೊಂಡರು. ಡ್ರೈವರು ಸ್ಟೀರಿಂಗಿನ ಮೇಲೆ ಕಾಗದ ಬಿಡಿಸಿ, ತುಟಿಯಾಡಿಸುತ್ತ ಪೂರ್ತಿ ಓದಿದರು. ಮಡಚಿ ಡಿಎಲ್, ಎಫ್‌ಸಿ ಇಡುವ ಪ್ಲಾಸ್ಟಿಕ್ ಕವರಿಗೆ ಸೇರಿಸಿದರು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ‘ಸಾರ್, ಜೂನಿಂದ ಈ ಸ್ಟಾಪು ಎರಡು ಕಂಬ ಮುಂದಕ್ಕೆ ಹಾಕೋಣ. ಇಲ್ಲಿ ತಿರುವಿನಲ್ಲಿ ಹಿಂದಿನ ಗಾಡಿ ನಂಗೆ ಕಾಣಲ್ಲ. ಇನ್‌ಚಾರ್ಜ್‌ಗೆ ನೀವೂ ಒಂದು ಅರ್ಜಿ ಬರ್ಕೊಡಿ’ ಎಂದರು.

ಸಂಜೆಯೊಳಗೆ ಗುಂಪಿನಲ್ಲಿ ರಾದ್ಧಾಂತ. ಎರಡು ಕಂಬ ಮುಂದಾದರೆ ಕೆಲವರ ಮನೆಗೆ ಹತ್ತಿರ, ಕೆಲವರಿಗೆ ದೂರ. ‘ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ?’ ಎಂದರು ಸಹಿ ಹಾಕಿದವರಲ್ಲೇ ಇಬ್ಬರು. ಮೇಷ್ಟ್ರು ಕಾಗದದ ಕೊನೆಯ ಸಾಲಿನ ಫೋಟೋ ತೆಗೆದು ಗುಂಪಿಗೆ ಹಾಕಿದರು. ನಾನು ಅರ್ಜಿ ಬರೆಯಲು ಕೂತೆ.