ತೊಂಬತ್ತು ಲಕ್ಷದ ವ್ಯಾಪಾರ, ಕೊನೆಯ ಸಾಲಿನಲ್ಲಿ ಎಷ್ಟು?

ನಮ್ಮ ಅಬ್ಬಾ ಆಳಂದದಲ್ಲಿ ಸಣ್ಣ ದಾಲ್ ಮಿಲ್ ನಡೆಸುತ್ತಾರೆ. ಆಳಂದದ ಮಾರುಕಟ್ಟೆಯಿಂದಲೂ ಅಫಜಲಪುರ, ಜೇವರ್ಗಿ ಕಡೆಯ ಅಡತಿಗಳಿಂದಲೂ ತೊಗರಿ ತರಿಸಿ, ಬೇಳೆ ಮಾಡಿ ಕಿರಾಣಿ ಅಂಗಡಿಗಳಿಗೆ ಕೊಡುತ್ತಾರೆ. ಮನೆಯಲ್ಲಿ ಲಾಭದ ಮಾತು ಬಂದಾಗಲೆಲ್ಲ ಅವರದು ಒಂದೇ ಲೆಕ್ಕ: "ತೊಗರಿ ತಗೊಂಡ್ವಿ, ಬ್ಯಾಳಿ ಮಾರಿದ್ವಿ, ನಡುವೆ ಹತ್ತು ಪರ್ಸೆಂಟ್ ಉಳೀತದ."

ಈ ಹತ್ತು ಪರ್ಸೆಂಟನ್ನು ನಂಬಿಯೇ ಅವರು ನಮ್ಮ ಆಪಾಳಿಗೆ ಕಲಬುರಗಿಯಲ್ಲಿ ಹಾಸ್ಟೆಲ್‌ನಲ್ಲಿಟ್ಟು ಡಿಗ್ರಿ ಓದಿಸುವ ಮಾತು ಕೊಟ್ಟಿದ್ದರು. ಆದರೆ ಹಣ ಕಟ್ಟುವ ದಿನ ಬಂದಾಗ ಕೈಯಲ್ಲಿ ರೊಕ್ಕ ಇರಲಿಲ್ಲ. "ಹತ್ತು ಪರ್ಸೆಂಟ್ ಎಲ್ಲಿ ಹೋಯ್ತು?" ಎಂದು ಅಮ್ಮಿ ಕೇಳಿದರು. ಅಬ್ಬಾ ಉತ್ತರ ಕೊಡಲಿಲ್ಲ. ನಾನು ದ್ವಿತೀಯ ಪಿಯುಸಿ ವಾಣಿಜ್ಯ ವಿದ್ಯಾರ್ಥಿ. ಅನುಪಾತಗಳ ಪಾಠ ಆಗಷ್ಟೇ ಮುಗಿದಿತ್ತು. ಮುನೀಮರ ವಹಿ ಕೇಳಿ ಇಸಿದುಕೊಂಡು ರಾತ್ರಿ ಲೆಕ್ಕಕ್ಕೆ ಕುಳಿತೆ.

ಆ ವರ್ಷ ಮಿಲ್ಲಿಗೆ ಬಂದ ತೊಗರಿ 1,000 ಕ್ವಿಂಟಲ್. ಸ್ವಚ್ಛ ಮಾಡಿ, ಎಣ್ಣೆ ಸವರಿ, ನೀರು ಹಾಕಿ, ಬಿಸಿಲಿಗೆ ಒಣಗಿಸಿ ಒಡೆದಾಗ 720 ಕ್ವಿಂಟಲ್ ಬೇಳೆ ಸಿಕ್ಕಿತು. ಅದನ್ನು ಕಿಲೋಗೆ 120 ರೂಪಾಯಿಯಂತೆ ಮಾರಿದ್ದರಿಂದ 86.4 ಲಕ್ಷ ಬಂತು. ಹೊಟ್ಟು ಮತ್ತು ಚುನ್ನಿ 240 ಕ್ವಿಂಟಲ್ ದನದ ಮೇವಿಗೆ ಹೋಗಿ 3.6 ಲಕ್ಷ ತಂದವು. ಉಳಿದ ತೂಕ ಧೂಳು, ಕಸ ಮತ್ತು ತೇವದಲ್ಲಿ ಹೋಯಿತು. ಹೀಗೆ ಒಟ್ಟು ಮಾರಾಟ 90 ಲಕ್ಷ. ಇದು ಲೆಕ್ಕದ ಮೊದಲ ಸಾಲು.

ಅದರ ಕೆಳಗೆ ಬೇಳೆ ತಯಾರಾಗಲು ತಗುಲಿದ ನೇರ ಖರ್ಚು ಬರೆದೆ. ತೊಗರಿಗೆ 75 ಲಕ್ಷ, ಮಾರುಕಟ್ಟೆ ಶುಲ್ಕ, ಹಮಾಲಿ, ಲಾರಿ ಬಾಡಿಗೆ ಸೇರಿ 2.2 ಲಕ್ಷ, ಎಣ್ಣೆ ಮತ್ತು ಚೀಲಕ್ಕೆ 80 ಸಾವಿರ. ಮಿಲ್ಲಿನ ಕೂಲಿ 1.8 ಲಕ್ಷ ಮತ್ತು ಕರೆಂಟಿನ 1.2 ಲಕ್ಷವನ್ನು ನಾನು ಇತರ ಖರ್ಚು ಎಂದುಕೊಂಡು ಲಾಭ-ನಷ್ಟ ಖಾತೆಗೆ ಹಾಕಿಬಿಟ್ಟೆ. ಒಟ್ಟು ಲಾಭ 12 ಲಕ್ಷ, ಅಂದರೆ ಶೇ. 13.3 ಬಂತು. ಅಬ್ಬಾ ಹೇಳುವುದಕ್ಕಿಂತಲೂ ಹೆಚ್ಚು!

ಮರುದಿನ ನಮ್ಮ ಲೆಕ್ಕಶಾಸ್ತ್ರದ ಉಪನ್ಯಾಸಕರು ಹಾಳೆ ನೋಡಿ, "ಮಿಲ್ ಒಂದು ತಿಂಗಳು ನಿಂತರೆ ಈ ಕೂಲಿ, ಈ ಕರೆಂಟ್ ಬರುತ್ತದೆಯೇ?" ಎಂದು ಕೇಳಿದರು. ಬರುವುದಿಲ್ಲ. ಹಾಗಾದರೆ ಅವು ಬೇಳೆಯ ಖರ್ಚೇ, ಕಚೇರಿಯ ಖರ್ಚಲ್ಲ. ಅವನ್ನು ಮೇಲಕ್ಕೆ ತಂದಾಗ ನೇರ ಖರ್ಚು 81 ಲಕ್ಷವಾಗಿ, ಒಟ್ಟು ಲಾಭ 9 ಲಕ್ಷಕ್ಕೆ ಇಳಿಯಿತು. 90 ಲಕ್ಷಕ್ಕೆ 9 ಲಕ್ಷ, ಅಂದರೆ ಗ್ರಾಸ್ ಮಾರ್ಜಿನ್ ಶೇ. 10. ಅಬ್ಬಾ ಹೇಳುತ್ತಿದ್ದದ್ದು ಸುಳ್ಳಲ್ಲ, ಆದರೆ ಅದು ಮೊದಲ ಮೆಟ್ಟಿಲು ಮಾತ್ರ.

ಸರ್ ಇನ್ನೊಂದು ಪ್ರಶ್ನೆ ಕೇಳಿದರು: "ದಾಸ್ತಾನು ಎಲ್ಲಿ?" ನಮ್ಮಲ್ಲಿ ಸುಗ್ಗಿಯಲ್ಲೇ ತೊಗರಿ ತುಂಬಿಸುವುದರಿಂದ ಮಾರ್ಚ್ 31ಕ್ಕೆ ಗೋದಾಮು ತುಂಬಿರುತ್ತದೆ. ಅದೃಷ್ಟಕ್ಕೆ ಹಿಂದಿನ ವರ್ಷದ ಮತ್ತು ಈ ವರ್ಷದ ದಾಸ್ತಾನಿನ ಬೆಲೆ ಹೆಚ್ಚುಕಡಿಮೆ ಒಂದೇ ಇತ್ತು. ಇಲ್ಲದಿದ್ದರೆ ಆರಂಭದ ದಾಸ್ತಾನು ಕೂಡಿಸಿ, ಕೊನೆಯ ದಾಸ್ತಾನು ಕಳೆಯದೆ ಒಟ್ಟು ಲಾಭ ಹೇಳುವಂತಿಲ್ಲ.

ಮುಂದಿನ ಸಾಲುಗಳು ಮಿಲ್ ಓಡಲಿ ನಿಲ್ಲಲಿ, ಬರುವ ಖರ್ಚುಗಳು. ಶೆಡ್ಡಿನ ಬಾಡಿಗೆ 1.2 ಲಕ್ಷ, ಮುನೀಮರ ಸಂಬಳ 1.44 ಲಕ್ಷ, ರಿಪೇರಿ 60 ಸಾವಿರ, ಯಂತ್ರದ ಸವಕಳಿ 70 ಸಾವಿರ, ಫೋನು, ಓಡಾಟ ಮತ್ತಿತರ 56 ಸಾವಿರ. ಎಲ್ಲ ಕೂಡಿ 4.5 ಲಕ್ಷ. ಇದನ್ನು ಕಳೆದರೆ ಕಾರ್ಯಾಚರಣಾ ಲಾಭ 4.5 ಲಕ್ಷ, ಅಂದರೆ ಶೇ. 5. ನನ್ನ ಮೊದಲಿನ ತಪ್ಪು ಹಾಳೆಯಲ್ಲೂ ಈ ಸಾಲು ಇಷ್ಟೇ ಇತ್ತು. ಖರ್ಚು ತಪ್ಪು ಜಾಗದಲ್ಲಿ ಕುಳಿತರೆ ಮೇಲಿನ ಮಾರ್ಜಿನ್ ಸುಳ್ಳು ಹೇಳುತ್ತದೆ, ಕೆಳಗಿನದು ಹೇಳುವುದಿಲ್ಲ. ಆದ್ದರಿಂದ ಬೇರೆಯವರ ಮಿಲ್ಲಿನ ಗ್ರಾಸ್ ಮಾರ್ಜಿನ್ ಹೆಚ್ಚಿದೆ ಎಂದು ಕೇಳಿದರೆ, ಕೂಲಿಯನ್ನು ಎಲ್ಲಿ ಬರೆದಿದ್ದಾರೆ ಎಂದು ಮೊದಲು ನೋಡಬೇಕು.

ಇನ್ನು ಉಳಿದದ್ದು ಬ್ಯಾಂಕಿನ ಬಡ್ಡಿ. ವರ್ಷವಿಡೀ ಸರಾಸರಿ 27 ಲಕ್ಷ ಸಾಲ, ಶೇ. 10ರ ಬಡ್ಡಿ, 2.7 ಲಕ್ಷ. ಅದು ಹೋದ ಮೇಲೆ ನಿವ್ವಳ ಲಾಭ 1.8 ಲಕ್ಷ. ನೆಟ್ ಮಾರ್ಜಿನ್ ಶೇ. 2. ಕಂಪನಿಯಾಗಿದ್ದರೆ ಇದಕ್ಕೂ ಮೊದಲು ತೆರಿಗೆ ಕಳೆಯಬೇಕಿತ್ತು. ನಮ್ಮದು ಅಬ್ಬಾ ಒಬ್ಬರ ಹೆಸರಿನ ವ್ಯಾಪಾರವಾದ್ದರಿಂದ ತೆರಿಗೆ ಅವರ ಸ್ವಂತ ಲೆಕ್ಕಕ್ಕೆ ಹೋಗುತ್ತದೆ. ಅವರ ದುಡಿಮೆಗೆ ಸಂಬಳವನ್ನೂ ಇಲ್ಲಿ ಬರೆದಿಲ್ಲ. ಮನೆಗೆ ತಿಂಗಳಿಗೆ 15 ಸಾವಿರ ತರುತ್ತಾರೆ, ವರ್ಷಕ್ಕೆ 1.8 ಲಕ್ಷ. ಲೆಕ್ಕದಲ್ಲಿ ಅದು ಖರ್ಚಲ್ಲ, ಮಾಲೀಕರ ನಗದು ಹಿಂತೆಗೆತ. ಆದರೆ ಉಳಿದ ಲಾಭವೆಲ್ಲ ಅಲ್ಲಿಗೇ ಮುಗಿಯಿತು. ಅಮ್ಮಿಯ ಪ್ರಶ್ನೆಗೆ ಉತ್ತರ ಇಷ್ಟೇ.

ಹಾಳೆ ನೋಡಿದ ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದು, "ಜೇವರ್ಗಿಯ ನಿಮ್ಮ ಮಾಮೂಗೆ ಬಟ್ಟೆ ಅಂಗಡ್ಯಾಗ ಇಪ್ಪತ್ತೈದು ಪರ್ಸೆಂಟ್ ಬರ್ತದಂತ" ಎಂದರು. ನಾನು ಮಾಮೂಗೆ ಫೋನ್ ಮಾಡಿ ಕೇಳಿದೆ. ಅವರ ವರ್ಷದ ಮಾರಾಟ 12 ಲಕ್ಷ, ಒಟ್ಟು ಲಾಭ 3 ಲಕ್ಷ. ಬಾಡಿಗೆ ಮತ್ತು ಹುಡುಗನ ಸಂಬಳಕ್ಕೆ 1.8 ಲಕ್ಷ ಹೋಗಿ 1.2 ಲಕ್ಷ ಉಳಿಯುತ್ತದೆ. ಸಾಲವಿಲ್ಲದ ಕಾರಣ ಕಾರ್ಯಾಚರಣಾ ಲಾಭವೂ ನಿವ್ವಳ ಲಾಭವೂ ಒಂದೇ, ಶೇ. 10. ಬಟ್ಟೆಯ ಮಾರ್ಜಿನ್ ಬೇಳೆಗೆ ಅಳತೆಗೋಲಲ್ಲ. ನಮ್ಮ ಮಿಲ್ಲನ್ನು ಇನ್ನೊಂದು ಮಿಲ್ಲಿನ ಜೊತೆಗೋ, ನಮ್ಮದೇ ಹಿಂದಿನ ವರ್ಷದ ಜೊತೆಗೋ ಹೋಲಿಸಬೇಕು.

ಶೇ. 2 ಎಷ್ಟು ತೆಳುವೆಂದು ತಿಳಿಯಲು ಒಂದು ಲೆಕ್ಕ ಹಾಕಿದೆ. ಬೇಳೆಯ ಬೆಲೆ ಕಿಲೋಗೆ 120ರಿಂದ 117.50ಕ್ಕೆ ಇಳಿದರೆ 72,000 ಕಿಲೋಗೆ 1.8 ಲಕ್ಷ ಕಡಿಮೆ. ಅಂದರೆ ಎರಡೂವರೆ ರೂಪಾಯಿಗೆ ವರ್ಷದ ನಿವ್ವಳ ಲಾಭವೆಲ್ಲ ಖಾಲಿ. ತೊಗರಿ ಸರಿಯಾಗಿ ಒಣಗದೆ ಕ್ವಿಂಟಲಿಗೆ 72 ಕಿಲೋ ಬದಲು ಎಪ್ಪತ್ತೂವರೆ ಕಿಲೋ ಬೇಳೆ ಬಂದರೂ ಸುಮಾರು ಅಷ್ಟೇ ನಷ್ಟ.

ಬೆಲೆ ನಮ್ಮ ಕೈಯಲ್ಲಿಲ್ಲ. ಆದರೆ ಬಡ್ಡಿಯ ಸಾಲು ಕಣ್ಣಿಗೆ ಹೊಡೆಯುವಂತಿತ್ತು: ಕಾರ್ಯಾಚರಣಾ ಲಾಭದ ನೂರಕ್ಕೆ ಅರವತ್ತು ಭಾಗ ಅದಕ್ಕೇ ಹೋಗುತ್ತಿತ್ತು. ಅಂಗಡಿಯವರು ಎರಡು ತಿಂಗಳ ಮೇಲೆ ಹಣ ಕೊಡುತ್ತಾರೆ. ತಿಂಗಳ ಮಾರಾಟ 7.5 ಲಕ್ಷ, ಹಾಗಾಗಿ 15 ಲಕ್ಷ ಸದಾ ಅವರ ಬಳಿಯೇ ಇರುತ್ತದೆ. ಅದರ ಬಡ್ಡಿ ವರ್ಷಕ್ಕೆ ಒಂದೂವರೆ ಲಕ್ಷ ನಾವು ಕಟ್ಟುತ್ತೇವೆ. ಉದ್ರಿ ಒಂದು ತಿಂಗಳಿಗೆ ಇಳಿದರೆ 75 ಸಾವಿರ ಉಳಿಯುತ್ತದೆ. ಬಡ್ಡಿ ಕಟ್ಟುವುದೆಂದರೆ ಅಬ್ಬಾಗೆ ಮೊದಲಿನಿಂದಲೂ ಮನಸ್ಸಿಗೆ ಕಸಿವಿಸಿ. ಈ ಮಾತು ಅವರಿಗೆ ಕೂಡಲೇ ಹಿಡಿಸಿತು.

ಎಲ್ಲ ಅಂಗಡಿಯವರೂ ಒಪ್ಪಲಿಲ್ಲ. ಇಬ್ಬರು ಬೇರೆ ಮಿಲ್ಲಿಗೆ ಹೋದರು. ನಾಲ್ಕು ತಿಂಗಳಲ್ಲಿ ಸುಮಾರು 5 ಲಕ್ಷ ಬಾಕಿ ಒಳಗೆ ಬಂದು ಸಾಲಕ್ಕೆ ಹೋಯಿತು. ವರ್ಷಕ್ಕೆ 50 ಸಾವಿರ ಬಡ್ಡಿ ಇಳಿಯುತ್ತದೆ. ಆಪಾಳ ಹಾಸ್ಟೆಲ್ ಹಣಕ್ಕೆ ಅದು ಪೂರ್ತಿ ಸಾಲುವುದಿಲ್ಲ, ಮೊದಲ ಕಂತನ್ನು ಜೇವರ್ಗಿಯ ಮಾಮೂ ಕೊಟ್ಟರು. ಆಪಾ ಈಗ ಕಲಬುರಗಿಯಲ್ಲಿದ್ದಾಳೆ. ಅಬ್ಬಾ ಈಗಲೂ "ಹತ್ತು ಪರ್ಸೆಂಟ್" ಎನ್ನುತ್ತಾರೆ. ಆದರೆ ಕೂಡಲೇ ನನ್ನ ಕಡೆ ನೋಡಿ, "ಅದು ಮ್ಯಾಲಿನ ಸಾಲು" ಎಂದು ಸೇರಿಸುತ್ತಾರೆ.