ಅಪ್ಪನ ಫೋನಿಂದ ದುಡ್ಡು ಸೋರುತ್ತಿದ್ದ ಮೂರು ದಾರಿ

ಮೂರು ತಿಂಗಳಿಂದ ಅಪ್ಪ ಬಸ್‌ಸ್ಟ್ಯಾಂಡ್ ಪಕ್ಕದ ರೀಚಾರ್ಜ್ ಅಂಗಡಿಗೆ ಹೋಗೋದನ್ನೇ ಬಿಟ್ಟಿದ್ದರು. ಹೊಸ ಫೋನ್ ಕೊಂಡಾಗ ಅದಕ್ಕೆ ಸಿಮ್ ಹಾಕಿ, ಪೇಮೆಂಟ್ ಆ್ಯಪ್ ಕೂರಿಸಿ ಕೊಟ್ಟಿದ್ದು ಆ ಅಂಗಡಿ ಹುಡುಗ. ಆಮೇಲಿಂದ ಪೆನ್ಶನ್ ಖಾತೆಯಲ್ಲಿ ಪ್ರತಿ ತಿಂಗಳು 149 ರೂಪಾಯಿ ಕಡಿಮೆ ಆಗ್ತಾ ಇದೆ, ಫೋನಿನ ಬ್ಯಾಲೆನ್ಸೂ ಕರಗ್ತಾ ಇದೆ. ಅಪ್ಪನ ಲೆಕ್ಕದಲ್ಲಿ ಇನ್ನೇನು ಬೇಕು, ಹುಡುಗ ಏನೋ ಕೈಚಳಕ ಮಾಡಿದ್ದಾನೆ. ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ರಸ್ತೆಯಲ್ಲಿ ಸಿಕ್ಕರೆ ಮುಖ ತಿರುಗಿಸಿಕೊಂಡು ಹೋಗ್ತಿದ್ದರಂತೆ, ಅಮ್ಮ ಹೇಳಿದ್ದು.

ಸೆಪ್ಟೆಂಬರಲ್ಲಿ ಊರಿಗೆ ಹೋದಾಗ ಒಂದು ಭಾನುವಾರ ಪೂರ್ತಿ ಇದಕ್ಕೇ ಕೂತೆ. ಬ್ಯಾಂಕ್ ಪಾಸ್‌ಬುಕ್, ಫೋನು, ಒಂದು ನೋಟ್‌ಬುಕ್. ಇಂಥ ಪ್ಯಾಕ್‌ಗಳನ್ನು ಹುಡುಕೋಕೆ ಹೊರಟವರು ಸಾಮಾನ್ಯವಾಗಿ ಫೋನಿನಲ್ಲಿರೋ ಆ್ಯಪ್‌ಗಳನ್ನ ಒಂದೊಂದಾಗಿ ತೆಗೆದು ನೋಡ್ತಾರೆ, ಅನುಮಾನ ಬಂದದ್ದನ್ನ ಡಿಲೀಟ್ ಮಾಡ್ತಾರೆ. ಅದರಿಂದ ಏನೂ ನಿಲ್ಲಲ್ಲ. ಆ್ಯಪ್ ಹೋದರೂ ದುಡ್ಡು ಕೊಡೋ ಒಪ್ಪಿಗೆ ಬೇರೆ ಕಡೆ ಹಾಗೇ ಕೂತಿರುತ್ತೆ. ನಾನು ಕೇಳಿಕೊಂಡಿದ್ದು ಬೇರೆ ಪ್ರಶ್ನೆ: ದುಡ್ಡು ಹೊರಗೆ ಹೋಗ್ತಿರೋದು ಯಾವ ಬಾಗಿಲಿಂದ? ಪ್ರೀಪೇಯ್ಡ್ ಫೋನಿನ ಮುಖ್ಯ ಬ್ಯಾಲೆನ್ಸಿಂದಲೋ, ಬ್ಯಾಂಕ್ ಖಾತೆಯಿಂದಲೋ, ಅಥವಾ ರೀಚಾರ್ಜ್ ಮೊತ್ತದ ಒಳಗೇ ಸೇರಿಕೊಂಡು ಹೋಗ್ತಿದೆಯೋ? ಯಾವ ಬಾಗಿಲೋ ಆ ಬಾಗಿಲನ್ನೇ ಮುಚ್ಚಬೇಕು. ಅಪ್ಪನ ಫೋನಲ್ಲಿ ಮೂರೂ ತೆರೆದಿದ್ದವು.

ಮೊದಲು ಬ್ಯಾಲೆನ್ಸ್. ಅನ್‌ಲಿಮಿಟೆಡ್ ಪ್ಲಾನ್ ಇರೋವಾಗ ಮುಖ್ಯ ಬ್ಯಾಲೆನ್ಸ್ ಯಾರಿಗೆ ಬೇಕು ಅನ್ನಬಹುದು. ಆದರೆ ಪೇಮೆಂಟ್ ಆ್ಯಪ್ ಮೊದಲ ಸಲ ನೋಂದಾಯಿಸುವಾಗ ಫೋನಿಂದ ಒಂದು ಎಸ್‌ಎಂಎಸ್ ಹೋಗುತ್ತಲ್ಲ, ಕೆಲವು ಪ್ಲಾನ್‌ಗಳಲ್ಲಿ ಅದಕ್ಕೆ ಬ್ಯಾಲೆನ್ಸಿಂದ ದುಡ್ಡು ಬೇಕು. ಅದಕ್ಕೇ ಅಂತ ಮುಂದಿರಲಿ ಎಂದು ಅಪ್ಪ 100 ರೂಪಾಯಿ ಟಾಪ್‌ಅಪ್ ಮಾಡಿಸಿದ್ದರು. ತೆರಿಗೆ, ಶುಲ್ಕ ಕಳೆದು ಬಂದಿದ್ದು 81 ರೂಪಾಯಿ 75 ಪೈಸೆ. ಈಗ ಉಳಿದಿದ್ದು 2 ರೂಪಾಯಿ 75 ಪೈಸೆ. ಅಂದರೆ 79 ರೂಪಾಯಿ ಎಲ್ಲಿ?

ಇದಕ್ಕೆ ಒಂದು ಸುಲಭದ ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. 155223 ಅನ್ನೋ ನಂಬರಿಗೆ STOP ಅಂತ ಎಸ್‌ಎಂಎಸ್ ಕಳಿಸೋದು. ಎಲ್ಲ ಕಂಪನಿಗಳಿಗೂ ಒಂದೇ ನಂಬರು, ಟ್ರಾಯ್ ಮಾಡಿಸಿದ್ದು, ಖರ್ಚಿಲ್ಲ. ಸ್ವಲ್ಪ ಹೊತ್ತಿಗೆ ಆ ಸಂಖ್ಯೆಯ ಮೇಲೆ ಚಾಲೂ ಇರೋ ಹೆಚ್ಚುವರಿ ಸೇವೆಗಳ ಪಟ್ಟಿ ಬರುತ್ತೆ. ಬೇಡವಾದದ್ದರ ಮುಂದಿರೋ ಅಂಕಿಯನ್ನ ವಾಪಸ್ ಕಳಿಸಿದರೆ ಅದು ನಿಲ್ಲುತ್ತೆ. ಅಪ್ಪನಿಗೆ ಎರಡು ಬಂತು: ಕಾಲರ್ ಟ್ಯೂನ್, ಕ್ರಿಕೆಟ್ ಅಲರ್ಟ್. ಟ್ಯೂನಿಗೆ ತಿಂಗಳಿಗೆ 36, ಎರಡು ಸಲ ಕಡಿತ. ಕ್ರಿಕೆಟ್ಟಿಗೆ ವಾರಕ್ಕೆ 7, ಅದು ಹಿಂದಿನ ದಿನ ತಾನೇ ಶುರುವಾಗಿತ್ತು. 72 ಮತ್ತು 7. ಲೆಕ್ಕ ಸರಿಹೋಯ್ತು.

"ಟ್ಯೂನ್ ಯಾವಾಗ ಹಾಕಿಸಿದ್ರಿ ಅಪ್ಪಾ?"

"ನಾನೆಲ್ಲಿ ಹಾಕಿಸಿದೆ? ನಿಮ್ಮ ಚಿಕ್ಕಪ್ಪನ ಫೋನಲ್ಲಿ ಒಳ್ಳೇ ಹಾಡು ಬರ್ತಿತ್ತು. ನಕ್ಷತ್ರ ಒತ್ತಿದರೆ ನಿಮಗೂ ಬರುತ್ತೆ ಅಂದಳು ಆ ಹುಡುಗಿ. ಒತ್ತಿದೆ."

ಆ ಹುಡುಗಿ ಅಂದರೆ ರೆಕಾರ್ಡ್ ಮಾಡಿದ ದನಿ. ಆಮೇಲೆ ಖಚಿತಪಡಿಸಿ ಅಂತ ಬಂದ ಎಸ್‌ಎಂಎಸ್‌ಗೆ 1 ಅಂತ ಉತ್ತರಾನೂ ಹೋಗಿತ್ತು, ಸಿಕ್ಕಿತು. ಇಂಥ ಸೇವೆ ಶುರು ಮಾಡೋಕೆ ಗ್ರಾಹಕರಿಂದ ಎರಡು ಸಲ ಒಪ್ಪಿಗೆ ತಗೋಬೇಕು ಅಂತ ಟ್ರಾಯ್ ನಿಯಮ ಮಾಡಿದೆ. ಟ್ಯೂನಿನ ವಿಷಯದಲ್ಲಿ ಎರಡೂ ಸಿಕ್ಕಿಬಿಟ್ಟಿದ್ದವು, ಹಾಗಾಗಿ ಆ 72 ರೂಪಾಯಿ ಕೇಳೋ ಹಾಗಿರಲಿಲ್ಲ. ಕ್ರಿಕೆಟ್ ಅಲರ್ಟಿಗೆ ಮಾತ್ರ ಅಂಥ ಎಸ್‌ಎಂಎಸ್ ಎಲ್ಲೂ ಇರಲಿಲ್ಲ. ಪರದೆ ಮೇಲೆ ಏನೋ ಹಾರಿ ಬಂದಿತ್ತು, ಓಕೆ ಒತ್ತಿರಬೇಕು. 198ಕ್ಕೆ ಫೋನ್ ಮಾಡಿ ದೂರು ಕೊಟ್ಟೆ. ಕಡಿತ ಆಗಿ ಇನ್ನೂ ದಿನ ಕಳೆದಿರಲಿಲ್ಲ, ಅದು ನಮ್ಮ ಅದೃಷ್ಟ. ದೂರು ತಡವಾದಷ್ಟೂ ವಾದ ಜಾಸ್ತಿ. ದೂರಿನ ನಂಬರ್ ಕೇಳಿ ಬರೆದುಕೊಂಡೆ. ಅವರಾಗಿ ಹೇಳಲಿಲ್ಲ, ಕೇಳಬೇಕಾಯ್ತು. ಸಂಜೆಗೆ 7 ರೂಪಾಯಿ ವಾಪಸ್ ಬಂತು. ಏಳೇ ರೂಪಾಯಿ, ಆದರೆ ಅಪ್ಪನ ಮುಖ ನೋಡಬೇಕಿತ್ತು!

ಇನ್ನು 149. ಪಾಸ್‌ಬುಕ್ಕಲ್ಲಿ ಅದರ ಮುಂದೆ ಇದ್ದಿದ್ದು ನಾವ್ಯಾರೂ ಕೇಳದ ಯಾವುದೋ ಪ್ರೈವೇಟ್ ಲಿಮಿಟೆಡ್ ಹೆಸರು. ಅಪ್ಪನಿಗೆ ಕಳ್ಳತನ ಅನ್ನಿಸೋಕೆ ಮುಖ್ಯ ಕಾರಣ ಅದೇ. ಆದರೆ ನಾವು ನೋಡೋ ಆ್ಯಪಿನ ಹೆಸರೇ ಬೇರೆ, ದುಡ್ಡು ತಗೊಳ್ಳೋ ಕಂಪನಿಯ ಹೆಸರೇ ಬೇರೆ ಇರೋದು ಮಾಮೂಲು. ಗಮನಿಸಬೇಕಾದ್ದು ತಾರೀಖು. ಪ್ರತಿ ತಿಂಗಳು 11ಕ್ಕೇ, ಒಂದೇ ಮೊತ್ತ. ಕಳ್ಳರು ಇಷ್ಟು ಶಿಸ್ತಿನವರಲ್ಲ. ಇದು ಯುಪಿಐ ಆಟೋಪೇ.

ಪೇಮೆಂಟ್ ಆ್ಯಪಿನಲ್ಲಿ ನಮ್ಮ ಪ್ರೊಫೈಲ್ ಚಿತ್ರ ಒತ್ತಿದರೆ ಸಾಮಾನ್ಯವಾಗಿ ಅಲ್ಲೇ ಕೆಳಗೆ Autopay ಅಂತ ಇರುತ್ತೆ. ಒಳಗೆ ಹೋದರೆ ನಾವು ಕೊಟ್ಟಿರೋ ಒಪ್ಪಿಗೆಗಳೆಲ್ಲ ಸಾಲಾಗಿ ಕಾಣುತ್ತವೆ. ಫೋನಲ್ಲಿ ಎರಡು ಪೇಮೆಂಟ್ ಆ್ಯಪ್ ಇದ್ದರೆ ಎರಡನ್ನೂ ತೆರೆದು ನೋಡಿ, ಒಂದರಲ್ಲಿ ಕೊಟ್ಟಿದ್ದು ಇನ್ನೊಂದರಲ್ಲಿ ಕಾಣದೇ ಇರಬಹುದು. ಅಪ್ಪನ ಪಟ್ಟಿಯಲ್ಲಿ ಆ ಅಪರಿಚಿತ ಹೆಸರು ಇತ್ತು, ಒತ್ತಿದ ಕೂಡಲೇ ವಿವರ ಬಂತು: ಒಂದು ಸಿನಿಮಾ ಆ್ಯಪ್, ಶುರುವಾದ ದಿನ ಜೂನ್ 11, ಆ ದಿನ ಕಟ್ಟಿದ್ದು 1 ರೂಪಾಯಿ.

ಕಥೆ ಆಗ ಅರ್ಥವಾಯ್ತು. ಅಪ್ಪನ ರೀಚಾರ್ಜ್ ಪ್ಲಾನ್ ಜೊತೆ ಆ ಸಿನಿಮಾ ಆ್ಯಪ್ 84 ದಿನ ಉಚಿತವಾಗಿ ಬಂದಿತ್ತು. ಪ್ಲಾನ್ ಜೊತೆ ಬಂದದ್ದು ಪ್ಲಾನ್ ಮುಗಿದಾಗ ತಾನಾಗೇ ಮುಗಿಯುತ್ತೆ, ಅದರಿಂದ ತೊಂದರೆ ಇಲ್ಲ. ತೊಂದರೆ ಇರೋದು ಮುಗಿದ ಮಾರನೇ ದಿನ. ನೋಡ್ತಾ ಇದ್ದ ಸೀರಿಯಲ್ ಅರ್ಧಕ್ಕೆ ನಿಂತು, ಒಂದು ರೂಪಾಯಿಗೆ ಮುಂದುವರಿಸಿ ಅಂತ ಬರುತ್ತೆ. ಒತ್ತಿದರೆ ಪೇಮೆಂಟ್ ಆ್ಯಪ್ ತೆರೆದುಕೊಳ್ಳುತ್ತೆ. ಅಲ್ಲಿ ದಪ್ಪ ಅಕ್ಷರದಲ್ಲಿ 1 ರೂಪಾಯಿ, ಕೆಳಗೆ ಸಣ್ಣ ಅಕ್ಷರದಲ್ಲಿ ಪ್ರತಿ ತಿಂಗಳು ಇಷ್ಟರವರೆಗೆ ಅನ್ನೋ ಗರಿಷ್ಠ ಮೊತ್ತ, ಜೊತೆಗೆ ಮುಗಿಯೋ ದಿನಾಂಕ. ಅಪ್ಪನದು 2054ರವರೆಗೆ ಇತ್ತು. ಪಿನ್ ಹಾಕಿದ್ದು ಒಂದು ರೂಪಾಯಿಗೆ ಅಂತ ಅವರು ತಿಳಿದಿದ್ದರು. ಆದರೆ ಆ ಒಂದು ಪಿನ್ ಮುಂದಿನ ಎಲ್ಲಾ ತಿಂಗಳಿಗೂ ಒಪ್ಪಿಗೆ. ಇಂಥ ಕಡಿತಕ್ಕೆ 15,000 ರೂಪಾಯಿವರೆಗೂ ಮತ್ತೆ ಪಿನ್ ಕೇಳಲ್ಲ. ಒಂದು ದಿನ ಮುಂಚೆ ತಿಳಿಸಲೇಬೇಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ, ತಿಳಿಸಿಯೂ ಇದ್ದರು. ಇಂಗ್ಲಿಷಿನಲ್ಲಿ, ಲೋನ್ ಬೇಕಾ ಅನ್ನೋ ಹತ್ತು ಮೆಸೇಜಿನ ನಡುವೆ.

ಅಂಗಡಿ ಹುಡುಗ ಫೋನ್ ಮಾಡಿಕೊಟ್ಟಿದ್ದು ಮಾರ್ಚಿನಲ್ಲಿ. ಜೂನ್ 11ರ ರಾತ್ರಿ 9:40ಕ್ಕೆ ಅಪ್ಪ ಮನೆಯಲ್ಲಿ ಸೋಫಾ ಮೇಲೆ ಕೂತಿದ್ದರು. ನಾನು ಸಮಯ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು, ಸುಮಾರು ಹೊತ್ತು ಒರೆಸಿದರು. "ಹಾಗಾದ್ರೆ ಆ ಹುಡುಗಂದು ಏನೂ ಇಲ್ವಾ?" ಅಂದರು. ಇಲ್ಲ ಅಂದೆ. ಆವತ್ತು ಸಂಜೆ ವಾಕಿಂಗ್ ಹೊರಟವರು ಬಸ್‌ಸ್ಟ್ಯಾಂಡ್ ಕಡೆಗೇ ಹೋದರು, ಬರೋವಾಗ ಹೊಸ ಚಾರ್ಜರ್ ಕೇಬಲ್ ತಂದಿದ್ದರು. ಹಳೇ ಕೇಬಲ್ ಚೆನ್ನಾಗೇ ಇತ್ತು.

ರದ್ದು ಮಾಡುವಾಗ ಒಂದು ಕ್ರಮ ಇಟ್ಟುಕೊಂಡರೆ ಒಳ್ಳೇದು. ಮೊದಲು ಸಿನಿಮಾ ಆ್ಯಪಿನ ಒಳಗೇ ಹೋಗಿ ಚಂದಾ ರದ್ದು ಮಾಡಿದೆ. ಕಟ್ಟಿದ ತಿಂಗಳು ಮುಗಿಯೋವರೆಗೆ ನೋಡಬಹುದು ಅಂತ ತೋರಿಸಿತು. ಆಮೇಲೆ ಪೇಮೆಂಟ್ ಆ್ಯಪಿಗೆ ಬಂದು ಒಪ್ಪಿಗೆಯನ್ನೂ ತೆಗೆದೆ. ಅಲ್ಲಿ Pause, Revoke ಅಂತ ಎರಡು ಇರ್ತವೆ. Pause ಒತ್ತಿದರೆ ಸದ್ಯಕ್ಕೆ ನಿಂತು, ಕೊಟ್ಟ ದಿನಾಂಕ ಬಂದಾಗ ಮತ್ತೆ ಎದ್ದು ಕೂರುತ್ತೆ. ನಮಗೆ ಬೇಕಾದ್ದು Revoke, ಕೆಲವು ಆ್ಯಪಲ್ಲಿ Cancel ಅಂತಿರುತ್ತೆ. ಅದಕ್ಕೂ ಪಿನ್ ಕೇಳುತ್ತೆ, ಅಪ್ಪ ಗಾಬರಿಯಾದರು. ಪಿನ್ ಹಾಕಿದರೆ ದುಡ್ಡು ಹೋಗುತ್ತೆ ಅಂತಲೇ ಅವರು ಕಲಿತಿದ್ದು. ಈ ಒಂದು ಕಡೆ ದುಡ್ಡು ನಿಲ್ಲಿಸೋಕೂ ಪಿನ್ ಬೇಕು ಅಂತ ನೋಟ್‌ಬುಕ್ಕಲ್ಲಿ ಬರೆದುಕೊಟ್ಟೆ. ಆಗಲೇ ಹೋದ ಮೂರು ತಿಂಗಳ 447 ರೂಪಾಯಿ ಕೇಳಿ ನೋಡಿದೆ, ನೀವೇ ಪಿನ್ ಹಾಕಿದ್ದೀರಿ ಅಂತ ಉತ್ತರ ಬಂತು. ವಿಷಯ ಅಲ್ಲಿಗೆ ಬಿಟ್ಟೆ. ಚಂದಾಕ್ಕೆ ಸೇರೋದು ಸುಲಭ ಮಾಡಿ ಬಿಡೋದು ಕಷ್ಟ ಮಾಡೋದನ್ನ ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿ ಮೋಸದ ವಿಧಾನಗಳ ಪಟ್ಟಿಗೆ ಸೇರಿಸಿದೆ. ರದ್ದು ಮಾಡೋ ಬಟನ್ನೇ ಸಿಗದಿದ್ದರೆ 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರಬಹುದು. ನಮಗೆ ಬಟನ್ ಸಿಕ್ಕಿತ್ತು.

ಮೂರನೇದು ಅದೇ ಪಟ್ಟಿಯಲ್ಲೇ ಕೂತಿತ್ತು, ಅಪ್ಪನಿಗೆ ಅನುಮಾನವೇ ಬರದ ಬಾಗಿಲು. ರೀಚಾರ್ಜೇ ಆಟೋಪೇಯಲ್ಲಿತ್ತು. ಸಿನಿಮಾ, ಹಾಡು, ಇನ್ನೇನೋ ಸೇರಿದ ಅದೇ ಪ್ಲಾನ್ ತಾನಾಗೇ ಮರುಕಳಿಸ್ತಿತ್ತು. ಅದೇ ಅವಧಿಯ ಸಾದಾ ಪ್ಲಾನಿಗೂ ಇದಕ್ಕೂ ನೂರು ರೂಪಾಯಿ ಚಿಲ್ಲರೆ ವ್ಯತ್ಯಾಸ. ತಮಾಷೆ ಏನೆಂದರೆ, ಪ್ಲಾನ್ ಮತ್ತೆ ರೀಚಾರ್ಜ್ ಆದಾಗ ಸಿನಿಮಾ ಆ್ಯಪೂ ಮತ್ತೆ ಉಚಿತವಾಗಿ ಬಂದಿತ್ತು. ಮೊಬೈಲ್ ಕಂಪನಿಯ ಆ್ಯಪಿಗೆ ಹೋಗಿ ಅದನ್ನ ಪಡೆದುಕೊಳ್ಳಬೇಕಿತ್ತು, ಅಪ್ಪ ಹೋಗಿರಲಿಲ್ಲ. ಅಂದರೆ ಒಂದೇ ಆ್ಯಪಿಗೆ ಎರಡು ಕಡೆಯಿಂದ ದುಡ್ಡು.

ಈ ಥರ ಪ್ಲಾನಿನೊಳಗೆ ಸೇರಿಕೊಂಡ ಮನರಂಜನೆಯನ್ನ ನಡುವೆ ಕಿತ್ತು ದುಡ್ಡು ವಾಪಸ್ ಪಡೆಯೋಕಾಗಲ್ಲ. ಮುಂದಿನ ರೀಚಾರ್ಜಿಗೆ ಮುಂಚೆ ಆಟೋಪೇ ತೆಗೆದು, ಆಮೇಲೆ ಸಾದಾ ಪ್ಲಾನ್ ಹಾಕಿಸಬೇಕು ಅಷ್ಟೇ. ಆದರೆ ಇದರಲ್ಲಿ ಒಂದು ಅಪಾಯ ಇದೆ. ತಾನಾಗೇ ಆಗ್ತಿದ್ದ ರೀಚಾರ್ಜ್ ನಿಂತಮೇಲೆ ಮರೆತರೆ ಅಪ್ಪ ಯಾರಿಗೂ ಫೋನ್ ಮಾಡೋಕಾಗಲ್ಲ, ಬ್ಯಾಂಕಿನ ಒಟಿಪಿ ಬರೋದೂ ನಿಲ್ಲಬಹುದು. ಹಾಗಾಗಿ ಅವಧಿ ಮುಗಿಯೋ ತಾರೀಖನ್ನ ಅಪ್ಪ ಗೋಡೆ ಕ್ಯಾಲೆಂಡರಲ್ಲಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದರು. ನಾನು ಎರಡು ದಿನ ಮುಂಚಿನ ಅಲಾರಂ ನನ್ನ ಫೋನಲ್ಲಿ ಇಟ್ಟುಕೊಂಡೆ.

ಎಲ್ಲ ಮುಗಿಸಿ ಏಳೋವಾಗ ಪಕ್ಕದಲ್ಲೇ ಕೂತು ಕೇಳ್ತಿದ್ದ ದೊಡ್ಡಮ್ಮ ತನ್ನ ಬಟನ್ ಫೋನ್ ಮುಂದೆ ಚಾಚಿದರು. ಅದಕ್ಕೂ ದಿನಕ್ಕೆ ಒಂದೂವರೆ ಜಿಬಿ ಡೇಟಾ ಇರೋ ಪ್ಲಾನ್! ಇಂಟರ್ನೆಟ್ಟೇ ಇಲ್ಲದ ಫೋನು. ಬರೀ ಮಾತು, ಎಸ್‌ಎಂಎಸ್ ಇರೋ ಪ್ಲಾನ್ ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರಲ್ಲಿ ಹೇಳಿದ ಮೇಲೆ ಕಂಪನಿಗಳು ತಂದಿವೆ. ಪಟ್ಟಿಯ ಮೇಲ್ಭಾಗದಲ್ಲಿ ಕಾಣಲ್ಲ, ಕೆಳಗೆ ಇಳಿದು ಹುಡುಕಬೇಕು. ಹುಡುಕಿ ತೋರಿಸಿದೆ. "ಇದೇ ಸಾಕು ಕಣೇ, ನನಗೆ ಫೋನ್ ಮಾಡೋರೇ ನಾಲ್ಕು ಜನ" ಅಂದರು ದೊಡ್ಡಮ್ಮ.